ಒಡವೆ ಊರಿಗೆ ಬರುವಾಗ: ನಲವತ್ತು ಗ್ರಾಂ, ಕೆಂಪು ದಾರಿ ಮತ್ತು ಮಾಸಿಹೋದ ಒಂದು ಬಿಲ್ಲು

ದುಬೈಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು ಕಳೆದ ಫೆಬ್ರವರಿ ಕೊನೆಯಲ್ಲಿ ಮಂಗಳೂರಿಗೆ ಬರುವವಳಿದ್ದಳು. ಎರಡು ವರ್ಷದಿಂದ ಊರಿನ ಮುಖ ಕಂಡಿರಲಿಲ್ಲ. ಹೊರಡುವ ವಾರ ಮುಂಚೆ ಹಾಸಿಗೆಯ ಮೇಲೆ ಒಡವೆಗಳನ್ನು ಸಾಲಾಗಿ ಇಟ್ಟು ಒಂದು ಫೋಟೊ ಕಳಿಸಿದಳು. ಕೆಳಗೆ ಒಂದೇ ಸಾಲು: "ಮಾವ, ಇಷ್ಟನ್ನೂ ಮೈಮೇಲೆ ಹಾಕಿಕೊಂಡೇ ಬಂದರೆ ಯಾರೂ ಕೇಳುವುದಿಲ್ಲವಂತೆ, ಹೌದಾ?"

ಈ "ಅಂತೆ" ಎಲ್ಲಿಂದ ಹುಟ್ಟುತ್ತದೋ ಗೊತ್ತಿಲ್ಲ, ಆದರೆ ಗಲ್ಫಿನ ಪ್ರತಿ ಕೋಣೆಯಲ್ಲೂ ಅದು ವಾಸವಾಗಿದೆ. ಮೈಮೇಲಿದ್ದರೆ ಸುಂಕ ಇಲ್ಲ ಎಂಬ ನಿಯಮ ಎಲ್ಲಿಯೂ ಇಲ್ಲ. ಕಸ್ಟಮ್ಸ್ ಕಾನೂನಿನ ಕಣ್ಣಿಗೆ ಸೂಟ್‌ಕೇಸಿನಲ್ಲಿರುವ ಹೊಸ ಬಳೆಯೂ ಕೈಯಲ್ಲಿರುವ ಹೊಸ ಬಳೆಯೂ ಒಂದೇ. ವ್ಯತ್ಯಾಸ ಇರುವುದು ಬೇರೆ ಕಡೆ: ಅದು ಹೊರಗೆ ಕೊಂಡದ್ದೋ, ಇಲ್ಲಿಂದಲೇ ಹೋದದ್ದೋ, ನೀವು ಹೊರದೇಶದಲ್ಲಿ ಎಷ್ಟು ಕಾಲ ಇದ್ದಿರಿ, ಮತ್ತು ಬಂದಿಳಿದಾಗ ಯಾವ ದಾರಿಯಲ್ಲಿ ನಡೆದಿರಿ.

ಫೋಟೊದಲ್ಲಿ ಇದ್ದದ್ದು ಇಷ್ಟು. ಅಂಚಿಗೆ ಸಣ್ಣ ಮುತ್ತು ಪೋಣಿಸಿದ 28 ಗ್ರಾಮಿನ ಒಂದು ನೆಕ್ಲೇಸ್. ತಲಾ 12 ಗ್ರಾಮಿನ ಎರಡು ಬಳೆ. ಅಮ್ಮನಿಗೆಂದು ತೆಗೆದ ಒಂದು ಪವನಿನ, ಅಂದರೆ 8 ಗ್ರಾಮಿನ ನಾಣ್ಯ. ಇವಿಷ್ಟೂ ದುಬೈಯಲ್ಲಿ ಕೊಂಡವು. ಇವುಗಳ ಜೊತೆಗೆ ಮದುವೆಯಲ್ಲಿ ಇಲ್ಲೇ ಮಾಡಿಸಿದ ಕರಿಮಣಿ ಸರ. ಇದನ್ನು ಅವಳು ಹೋಗುವಾಗ ಕತ್ತಿನಲ್ಲೇ ಹಾಕಿಕೊಂಡು ಹೋಗಿದ್ದಳು.

ಮೊದಲು ಸುಂಕವಿಲ್ಲದ ಪಾಲು ಎಷ್ಟು ಎಂದು ನೋಡೋಣ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ನೆಲೆಸಿ ಮರಳುವ ಹೆಂಗಸಿಗೆ 40 ಗ್ರಾಂ, ಗಂಡಸಿಗೆ 20 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ತರಲು ಅವಕಾಶವಿದೆ. ಈ ತೂಕದ ಮಿತಿ ಹಳೆಯದು. ಆದರೆ 2016ರ ಬ್ಯಾಗೇಜ್ ನಿಯಮದಲ್ಲಿ ಅದರ ಬಾಲಕ್ಕೆ ಬೆಲೆಯ ಮಿತಿಯನ್ನೂ ಕಟ್ಟಿದ್ದರು: ಹೆಂಗಸಿಗೆ 1 ಲಕ್ಷ ರೂಪಾಯಿ, ಗಂಡಸಿಗೆ 50 ಸಾವಿರ. ಭಾಗಿಸಿ ನೋಡಿ, ಗ್ರಾಮಿಗೆ 2,500 ರೂಪಾಯಿ ಬರುತ್ತದೆ. ಚಿನ್ನ ಆ ಬೆಲೆಯ ಆಸುಪಾಸಿನಲ್ಲಿ ಇದ್ದಾಗ ಎರಡು ಮಿತಿಗಳೂ ಒಂದಕ್ಕೊಂದು ಸರಿಹೊಂದುತ್ತಿದ್ದವು. ಚಿನ್ನ ಏರಿತು, ನಿಯಮ ಇದ್ದಲ್ಲೇ ಇತ್ತು. ಗ್ರಾಮಿಗೆ 15,000 ರೂಪಾಯಿ ಎಂದು ಹಿಡಿದರೆ 1 ಲಕ್ಷಕ್ಕೆ ಏಳು ಗ್ರಾಂ ಕೂಡ ತುಂಬುವುದಿಲ್ಲ. ಕಾಗದದಲ್ಲಿ ನಲವತ್ತು ಗ್ರಾಂ, ಕೈಗೆ ಬರುವುದು ಒಂದು ಉಂಗುರ. "ನಲವತ್ತು ಗ್ರಾಂ ತರಬಹುದು" ಎಂದು ನಂಬಿ ಬಂದು ಕೌಂಟರಿನಲ್ಲಿ ಬೆವರಿದವರ ಕತೆಗಳು ಹೆಚ್ಚಾಗಿ ಇಲ್ಲಿಂದಲೇ ಹುಟ್ಟಿದ್ದು.

2026ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಬ್ಯಾಗೇಜ್ ನಿಯಮಗಳು ಈ ಬೆಲೆಯ ಬಾಲವನ್ನು ಕತ್ತರಿಸಿವೆ. ಈಗ ಲೆಕ್ಕ ತೂಕದ್ದು ಮಾತ್ರ. ನನ್ನ ಅಕ್ಕನ ಮಗಳ ಅದೃಷ್ಟ, ಅವಳು ಬಂದದ್ದು ಅದೇ ತಿಂಗಳ ಕೊನೆಗೆ. ಅಂತರ್ಜಾಲದಲ್ಲಿ ಇನ್ನೂ ತೇಲುತ್ತಿರುವ ಹಳೆಯ ಲೇಖನಗಳಲ್ಲಿ ಲಕ್ಷ ರೂಪಾಯಿಯ ಮಿತಿಯೇ ಇದೆ. ಓದುವಾಗ ಬರೆದ ದಿನಾಂಕ ನೋಡಿಕೊಳ್ಳಿ.

ಆದರೆ ಈ ರಿಯಾಯಿತಿ ಒಡವೆಗೆ ಮಾತ್ರ. ನಾಣ್ಯ ಒಡವೆಯಲ್ಲ, ಬಿಸ್ಕತ್ತು ಒಡವೆಯಲ್ಲ. ಒಂದು ಗ್ರಾಮಿನ ನಾಣ್ಯವಾದರೂ ನಲವತ್ತರ ಲೆಕ್ಕದೊಳಗೆ ಸೇರುವುದಿಲ್ಲ. ಹಾಗೆಯೇ ಐದು ದಿನದ ದುಬೈ ಪ್ರವಾಸಕ್ಕೆ ಹೋಗಿ ಬರುವವರಿಗೆ ಈ ವಿಶೇಷ ರಿಯಾಯಿತಿಯೇ ಇಲ್ಲ, ಏಕೆಂದರೆ ಅವರು ಅಲ್ಲಿ ವರ್ಷ ಕಳೆದಿಲ್ಲ. ಮನೆಯಲ್ಲಿ ಮದುವೆ ಇದೆ ಎಂದು ನಾಲ್ಕು ದಿನಕ್ಕೆ ಹಾರಿ ಹೋಗಿ ನೆಕ್ಲೇಸ್ ತರುವ ಲೆಕ್ಕ ಹಾಕುವವರು ಮೊದಲು ಈ ಸಾಲನ್ನು ಎರಡು ಸಲ ಓದಬೇಕು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. "ಮದುವೆಯಾದ ಹೆಂಗಸು 500 ಗ್ರಾಂ ಇಟ್ಟುಕೊಳ್ಳಬಹುದು" ಎಂದು ಕೇಳಿರುತ್ತೀರಿ. ಅದು ಆದಾಯ ತೆರಿಗೆ ಇಲಾಖೆಯ 1994ರ ಸೂಚನೆ. ಮನೆಯಲ್ಲಿ ಶೋಧ ನಡೆದಾಗ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಗಂಡಸಿನ 100 ಗ್ರಾಂ ವರೆಗಿನ ಒಡವೆಯನ್ನು ವಶಪಡಿಸಿಕೊಳ್ಳಬೇಡಿ ಎಂದು ಅಧಿಕಾರಿಗಳಿಗೆ ಹೇಳಿದ ಮಾತು ಅದು. ವಿಮಾನ ನಿಲ್ದಾಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೊಸ ಒಡವೆ ಒಟ್ಟು 52 ಗ್ರಾಂ. ಇದರಲ್ಲಿ ನೆಕ್ಲೇಸ್ ಮತ್ತು ಒಂದು ಬಳೆ ಸೇರಿದರೆ ಸರಿಯಾಗಿ 40. ಉಳಿದ ಬಳೆಯ 12 ಗ್ರಾಂ, ನಾಣ್ಯದ 8 ಗ್ರಾಂ, ಒಟ್ಟು 20 ಗ್ರಾಮಿಗೆ ಸುಂಕ ಕಟ್ಟಬೇಕು. ಎಷ್ಟು ಎಂಬುದು ಎರಡನೆಯ ಗಡಿಯಾರದ ಮೇಲೆ ನಿಂತಿದೆ. ಮೊದಲ ಗಡಿಯಾರ ಒಂದು ವರ್ಷದ್ದು, ಸುಂಕವಿಲ್ಲದ ಪಾಲಿಗೆ. ಎರಡನೆಯದು ಆರು ತಿಂಗಳದ್ದು, ಕಡಿಮೆ ದರದ ಸುಂಕಕ್ಕೆ. ಭಾರತೀಯ ಮೂಲದವರಾಗಿದ್ದು ಅಥವಾ ಭಾರತದ ಪಾಸ್‌ಪೋರ್ಟ್ ಹೊಂದಿದ್ದು ಕನಿಷ್ಠ ಆರು ತಿಂಗಳು ಹೊರಗಿದ್ದು ಬಂದವರು 1 ಕಿಲೋ ವರೆಗಿನ ಚಿನ್ನವನ್ನು ರಿಯಾಯಿತಿ ದರದಲ್ಲಿ ತರಬಹುದು. ಆ ಆರು ತಿಂಗಳ ನಡುವೆ ರಜೆಗೆ ಬಂದು ಹೋಗಿದ್ದರೆ, ಒಟ್ಟು 30 ದಿನ ಮೀರದಿದ್ದರೆ ಮತ್ತು ಆಗ ಇದೇ ರಿಯಾಯಿತಿ ಪಡೆದಿರದಿದ್ದರೆ ಅಡ್ಡಿಯಿಲ್ಲ.

ಆ ರಿಯಾಯಿತಿ ದರ 2024ರ ಜುಲೈ ಬಜೆಟ್ಟಿನಲ್ಲಿ ಶೇ 15ರಿಂದ ಶೇ 6ಕ್ಕೆ ಇಳಿದಿತ್ತು, ಅವಳು ಬಂದಾಗಲೂ ಅದೇ ಇತ್ತು. ಲೆಕ್ಕ ಸುಲಭವಾಗಲಿ ಎಂದು ಗ್ರಾಮಿಗೆ 15,000 ರೂಪಾಯಿ ಹಿಡಿಯೋಣ. 20 ಗ್ರಾಮಿಗೆ 3 ಲಕ್ಷ. ಶೇ 6ರಂತೆ 18,000 ರೂಪಾಯಿ ಸುಂಕ. ಇದೇ 20 ಗ್ರಾಮನ್ನು ಆರು ತಿಂಗಳು ತುಂಬದವರು ತಂದರೆ ಸಾಮಾನ್ಯ ಬ್ಯಾಗೇಜ್ ದರ ತಗಲುತ್ತದೆ. ಬಹಳ ವರ್ಷಗಳಿಂದ ನಡೆದುಬಂದಂತೆ ಅದು ಮೇಲ್ತೆರಿಗೆ ಸೇರಿ ಶೇ 38.5, ಅಂದರೆ 1,15,500 ರೂಪಾಯಿ. ದುಬೈಯಲ್ಲಿ ಚಿನ್ನ ಅಗ್ಗ ಎಂಬ ಮಾತಿನ ಅರ್ಥವೆಲ್ಲ ಈ ಎರಡು ಅಂಕಿಗಳ ನಡುವೆ ಕರಗಿಹೋಗುತ್ತದೆ.

ದರಗಳು ಬದಲಾಗುತ್ತಲೇ ಇರುತ್ತವೆ. ನಿಮಗೆ ಅನ್ವಯಿಸುವುದು ಕೊಂಡ ದಿನದ ದರವಲ್ಲ, ಬಂದಿಳಿದು ಘೋಷಣೆ ಮಾಡಿದ ದಿನದ ದರ. ಹಾಗಾಗಿ ಹೊರಡುವ ವಾರ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಮುತ್ತಿನ ನೆಕ್ಲೇಸನ್ನು ನಾನು ಬೇಕೆಂದೇ ನಲವತ್ತರ ಪಾಲಿಗೆ ಹಾಕಿದ್ದೆ. ಆ ಕಡಿಮೆ ದರ ಕಲ್ಲು ಅಥವಾ ಮುತ್ತು ಕೂರಿಸಿದ ಒಡವೆಗೆ ಸಿಗುವುದಿಲ್ಲ. ಆದ್ದರಿಂದ ಕಲ್ಲಿನದು, ಮುತ್ತಿನದು ಏನಿದ್ದರೂ ಸುಂಕವಿಲ್ಲದ ಪಾಲಿನಲ್ಲಿ ತೋರಿಸಿ, ಬರಿ ಚಿನ್ನದ್ದನ್ನು ಸುಂಕದ ಪಾಲಿಗೆ ಬಿಡುವುದು ಜಾಣತನ. ಇದು ಮುಚ್ಚುಮರೆಯಲ್ಲ, ಎಲ್ಲವನ್ನೂ ಮೇಜಿನ ಮೇಲಿಟ್ಟು, ಯಾವುದನ್ನು ಯಾವ ಪಾಲಿಗೆ ಹಿಡಿಯಬೇಕೆಂದು ಕೇಳಿಕೊಳ್ಳುವುದು. ಇನ್ನೊಂದು ಸಣ್ಣ ಶರತ್ತು ಅನೇಕರ ಕಾಲಿಗೆ ತೊಡರುತ್ತದೆ: ರಿಯಾಯಿತಿ ದರದ ಸುಂಕವನ್ನು ವಿದೇಶಿ ಕರೆನ್ಸಿಯಲ್ಲಿ ಕಟ್ಟಬೇಕು. ಉಳಿದ ದಿರ್ಹಮ್‌ಗಳನ್ನೆಲ್ಲ ವಿಮಾನ ಹತ್ತುವ ಮುನ್ನ ಚಾಕೊಲೇಟಿಗೆ ಸುರಿಯಬೇಡ ಎಂದು ಅವಳಿಗೆ ಹೇಳಿದ್ದೆ.

ಬಂದಿಳಿದ ಮೇಲೆ, ಬ್ಯಾಗು ಎತ್ತಿಕೊಂಡು ಹೊರಡುವಲ್ಲಿ ಎರಡು ದಾರಿ. ಹಸಿರು ದಾರಿ ಮತ್ತು ಕೆಂಪು ದಾರಿ. ಜನ ಹಸಿರನ್ನು ಬೇಗ ಹೋಗುವ ದಾರಿ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಹಸಿರಿನಲ್ಲಿ ಹೆಜ್ಜೆ ಇಟ್ಟದ್ದೇ "ನನ್ನ ಬಳಿ ಸುಂಕ ಕಟ್ಟಬೇಕಾದದ್ದು ಏನೂ ಇಲ್ಲ" ಎಂದು ಹೇಳಿದ ಹಾಗೆ. ಬಾಯಿ ಬಿಡದೆ ಮಾಡಿದ ಘೋಷಣೆ ಅದು. ಅಲ್ಲಿ ತಡೆದಾಗ "ಕೇಳಿದ್ದರೆ ಹೇಳುತ್ತಿದ್ದೆ" ಎನ್ನುವ ಮಾತಿಗೆ ಬೆಲೆ ಇಲ್ಲ.

ಕೆಂಪು ದಾರಿಯ ಕೌಂಟರಿನಲ್ಲಿ ಆಗುವುದು ಇಷ್ಟೆ. ಒಡವೆ ತೋರಿಸುತ್ತೀರಿ, ತೂಗುತ್ತಾರೆ, ಶುದ್ಧತೆ ನೋಡುತ್ತಾರೆ, ಪಾಸ್‌ಪೋರ್ಟಿನ ಮುದ್ರೆಗಳಲ್ಲಿ ಹೋದ-ಬಂದ ದಿನ ಎಣಿಸುತ್ತಾರೆ, ಸುಂಕ ಲೆಕ್ಕ ಹಾಕಿ ರಸೀದಿ ಕೊಡುತ್ತಾರೆ. ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಕೇಂದ್ರ ಮಂಡಳಿಯ "ಅತಿಥಿ" ಎಂಬ ಆ್ಯಪ್‌ನಲ್ಲಿ ಮುಂಚೆಯೇ ವಿವರ ತುಂಬಿಸಿಡಬಹುದು. ನನ್ನ ಅಕ್ಕನ ಮಗಳು ಹೊರಡುವ ಹಿಂದಿನ ರಾತ್ರಿಯೇ ತುಂಬಿಸಿದಳು. ಕೌಂಟರಿನಲ್ಲಿ ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಕಾಯುತ್ತಿದ್ದ ನಮಗೆ ಮೂರು ಗಂಟೆಯಾದಂತಾಗಿತ್ತು, ಅದು ಬೇರೆ ವಿಷಯ.

ಘೋಷಣೆ ಮಾಡಿದವರಿಗೆ ಕಾನೂನು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ತಿಂಗಳ ರಜೆಗೆ ಬಂದು ಮರಳುವವರು ಸುಂಕ ಕಟ್ಟಲು ಇಷ್ಟವಿಲ್ಲದಿದ್ದರೆ, ಆ ಒಡವೆಯನ್ನು ಕಸ್ಟಮ್ಸ್ ವಶದಲ್ಲಿ ಇಟ್ಟು, ಹೋಗುವಾಗ ಮರಳಿ ಪಡೆಯಲು ಕೋರಬಹುದು. ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಅದೇ ಸೆಕ್ಷನ್ನಿನ ಷರತ್ತು: ಮೊದಲು ನಿಜವಾದ ಘೋಷಣೆ ಮಾಡಿರಬೇಕು. ಹಸಿರಿನಲ್ಲಿ ಸಿಕ್ಕಿಬಿದ್ದವರಿಗೆ ಈ ಬಾಗಿಲು ಮುಚ್ಚಿದೆ. ಅವರ ಪಾಲಿಗೆ ಉಳಿಯುವುದು ಮುಟ್ಟುಗೋಲು, ಸುಂಕದ ಮೇಲೆ ಬಿಡುಗಡೆಯ ದಂಡ, ಅದರ ಮೇಲೆ ಚಿನ್ನದ ಬೆಲೆಯಷ್ಟರವರೆಗೂ ಹೋಗಬಲ್ಲ ವೈಯಕ್ತಿಕ ದಂಡ.

ಈಗ ಬಿಲ್ಲಿನ ಮಾತು. "ಬಿಲ್ಲು ಇದ್ದರೆ ಸುಂಕ ಕಡಿಮೆಯಾಗುತ್ತದಾ?" ಎಂದು ಅವಳು ಕೇಳಿದ್ದಳು. ಇಲ್ಲ. ಬಿಲ್ಲಿನ ಬೆಲೆಯೇ ಕೊನೆಯ ಮಾತಲ್ಲ. ಚಿನ್ನಕ್ಕೆ ಸರ್ಕಾರ ಸುಮಾರು ಹದಿನೈದು ದಿನಕ್ಕೊಮ್ಮೆ ಸುಂಕದ ಮೌಲ್ಯವನ್ನು ಡಾಲರಿನಲ್ಲಿ ಪ್ರಕಟಿಸುತ್ತದೆ, ಅಧಿಕಾರಿಗಳು ಅದನ್ನು ಹಿಡಿದು ನಡೆಯುತ್ತಾರೆ. ಆದ್ದರಿಂದ "ಕಡಿಮೆ ಬೆಲೆಯ ಬಿಲ್ಲು ಬರೆದುಕೊಡಲೇ?" ಎಂದು ಅಂಗಡಿಯವರು ನಗುತ್ತ ಕೇಳಿದರೆ ಬೇಡ ಎನ್ನಿ. ಆ ಬಿಲ್ಲಿನಿಂದ ಒಂದು ರೂಪಾಯಿ ಉಳಿಯುವುದಿಲ್ಲ, ನಿಮ್ಮ ಮಾತಿನ ಮೇಲಿನ ನಂಬಿಕೆ ಮಾತ್ರ ಹೋಗುತ್ತದೆ.

ಬಿಲ್ಲು ಮಾಡುವ ಕೆಲಸ ಬೇರೆ, ಮತ್ತು ದೊಡ್ಡದು. ಸಾಮಾನ್ಯವಾಗಿ ಒಬ್ಬರ ಮೇಲೆ ಆರೋಪ ಹೊರಿಸಿದರೆ ಅದನ್ನು ಸಾಬೀತು ಮಾಡುವುದು ಆರೋಪಿಸಿದವರ ಹೊಣೆ. ಚಿನ್ನದ ವಿಷಯದಲ್ಲಿ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಇದನ್ನು ತಲೆಕೆಳಗು ಮಾಡುತ್ತದೆ. ಕಳ್ಳಸಾಗಣೆಯದೆಂದು ನಂಬಲು ಕಾರಣವಿದೆ ಎಂದು ಚಿನ್ನ ವಶಪಡಿಸಿಕೊಂಡರೆ, ಅದು ಕಳ್ಳಸಾಗಣೆಯದ್ದಲ್ಲ ಎಂದು ತೋರಿಸಬೇಕಾದವರು ಅದು ಯಾರ ಕೈಯಲ್ಲಿತ್ತೋ ಅವರು. ಆಗ ನಿಮ್ಮ ಬಾಯಿಮಾತಿಗಿಂತ ನೂರು ಪಟ್ಟು ತೂಗುವುದು ಕೊಂಡ ದಿನದ ಬಿಲ್ಲು, ಅದರ ಹಣ ಹೋದ ಬ್ಯಾಂಕ್ ಖಾತೆಯ ವಿವರ, ಸಂಬಳದ ಚೀಟಿ.

ಹಾಗೆಂದು ಎಲ್ಲ ಬಿಲ್ಲೂ ಬಿಲ್ಲಲ್ಲ. ಅವಳ ಬಳೆಗಳ ಬಿಲ್ಲನ್ನು ತರಿಸಿ ನೋಡಿದೆ. "ಚಿನ್ನದ ಒಡವೆ, 2" ಎಂದು ಬರೆದು ಒಟ್ಟು ದಿರ್ಹಮ್ ಹಾಕಿತ್ತು, ಅಷ್ಟೆ. ಇಂಥದ್ದು ಯಾವ ಬಳೆಗೂ ಆಗಬಹುದು, ಆದ್ದರಿಂದ ಯಾವ ಬಳೆಗೂ ಆಗುವುದಿಲ್ಲ. ಮತ್ತೆ ಅಂಗಡಿಗೆ ಕಳಿಸಿ ವಿವರದ ಬಿಲ್ಲು ಮಾಡಿಸಿದೆವು: ಅವಳ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ, ದಿನಾಂಕ, ಪ್ರತಿ ಒಡವೆಯ ಹೆಸರು, ಎಷ್ಟು ಕ್ಯಾರೆಟ್, ಒಟ್ಟು ತೂಕ, ಕಲ್ಲು-ಮುತ್ತು ಕಳೆದ ನಿವ್ವಳ ತೂಕ, ಮಜೂರಿ ಬೇರೆ, ತೆರಿಗೆ ಬೇರೆ. ನಿವ್ವಳ ತೂಕ ಬೇರೆ ಕಾಣಿಸುವುದು ಮುಖ್ಯ. ಮುತ್ತಿನ ಭಾರವೂ ಚಿನ್ನದ ಭಾರವಾಗಿ ಎಣಿಕೆಗೆ ಬಂದರೆ ನಲವತ್ತು ಗ್ರಾಂ ಬೇಗ ತುಂಬಿಹೋಗುತ್ತದೆ.

ನೆಕ್ಲೇಸಿನ ಬಿಲ್ಲಿನ ಕತೆ ಇನ್ನೂ ಚೆನ್ನಾಗಿತ್ತು. ಅದನ್ನು ಕೊಂಡು ಹದಿನಾಲ್ಕು ತಿಂಗಳಾಗಿತ್ತು. ಬಿಲ್ಲನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು, ಕವರನ್ನು ಅಡುಗೆಮನೆಯ ಕಪಾಟಿನಲ್ಲಿ. ತೆಗೆದು ನೋಡಿದರೆ ಬರಿ ಬಿಳಿ ಕಾಗದ, ಮೂಲೆಯಲ್ಲಿ ಅಂಗಡಿಯ ಗುರುತಿನ ನೆರಳು. ಅಂಗಡಿಗಳ ಸಣ್ಣ ಯಂತ್ರದಿಂದ ಬರುವ ನುಣುಪು ಕಾಗದದಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಮೇಲಿನ ಲೇಪ ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಬಿಸಿ, ಕೆಲವು ಪ್ಲಾಸ್ಟಿಕ್ ಕವರುಗಳು ತಗುಲಿದರೆ ಅದೇ ಅಕ್ಷರ ಮಾಯ. ಕೊಂಡ ದಿನವೇ ಒಂದು ಜೆರಾಕ್ಸ್, ಒಂದು ಫೋಟೊ. ಫೋಟೊವನ್ನು ಮೊಬೈಲಿನಲ್ಲಿ ಮಾತ್ರ ಇಡದೆ ಇಮೇಲಿಗೂ ಕಳಿಸಿಕೊಳ್ಳಿ. ಅವಳ ಪುಣ್ಯಕ್ಕೆ ಕಾರ್ಡಿನಲ್ಲಿ ಹಣ ಕೊಟ್ಟಿದ್ದಳು. ಆ ದಿನಾಂಕ ಮತ್ತು ಮೊತ್ತ ಹಿಡಿದು ಅಂಗಡಿಯವರು ನಕಲು ತೆಗೆದುಕೊಟ್ಟರು. ನಗದು ಕೊಟ್ಟಿದ್ದರೆ ಎಲ್ಲಿ ಹುಡುಕುವುದು?

ಬಿಲ್ಲು ಇನ್ನೊಬ್ಬರ ಹೆಸರಿನಲ್ಲಿದ್ದರೆ ಮಾತು ಬೇರೆಯೇ. ಅವಳು ಹೊರಡುವ ಎರಡು ದಿನ ಮುಂಚೆ ಕೋಣೆಯ ಗೆಳತಿಯೊಬ್ಬಳು "ನಿನ್ನ ಗ್ರಾಂ ಹೇಗೂ ಇದೆಯಲ್ಲ, ನನ್ನ ತಂಗಿಗೆ ಈ ಸರ ತಲುಪಿಸು" ಎಂದಳಂತೆ. ಮುಖ ದಾಕ್ಷಿಣ್ಯದ ವಿಷಯ, ಆದರೆ ಇದನ್ನು ಒಪ್ಪಬಾರದು. ರಿಯಾಯಿತಿ ನಿಮ್ಮ ಸ್ವಂತ ಬ್ಯಾಗೇಜಿಗೆ. ಬೇರೆಯವರ ಒಡವೆ ನಿಮ್ಮ ಕತ್ತಿನಲ್ಲಿ, ಬೇರೆಯವರ ಹೆಸರಿನ ಬಿಲ್ಲು ನಿಮ್ಮ ಚೀಲದಲ್ಲಿ ಸಿಕ್ಕರೆ, ಒಳ್ಳೆಯತನಕ್ಕೆ ಸಾಗಣೆಯ ವೇಷ ಬರುತ್ತದೆ. ಇವಳು ದಿರ್ಹಮಿನ ನೆಪ ಹೇಳಿ ತಪ್ಪಿಸಿಕೊಂಡಳು.

ಉಳಿದದ್ದು ಕರಿಮಣಿ ಸರ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಚಿಂತೆ ಇದ್ದದ್ದು ಇದರದ್ದೇ. ಇಲ್ಲಿಂದಲೇ ಹೋದ ಒಡವೆ ಮರಳಿ ಬಂದರೆ ಸುಂಕ ಏಕೆ ಎಂದು ನೀವು ಕೇಳಬಹುದು, ನ್ಯಾಯವೇ. ಆದರೆ ಅದು ಇಲ್ಲಿಂದ ಹೋದದ್ದು ಎಂದು ಕೌಂಟರಿನವರಿಗೆ ಹೇಗೆ ಗೊತ್ತಾಗಬೇಕು? ಚಿನ್ನಕ್ಕೆ ಊರಿಲ್ಲ. ಹೋಗುವಾಗ ಕಸ್ಟಮ್ಸ್‌ನವರಿಗೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡಿದ್ದರೆ ಒಂದು ನಿಮಿಷದ ಕೆಲಸ. ಅವಳು ಮಾಡಿಸಿರಲಿಲ್ಲ, ಯಾರೂ ಮಾಡಿಸುವುದಿಲ್ಲ.

ಆಗ ಇರುವ ಸಾಕ್ಷಿಗಳನ್ನೆಲ್ಲ ಒಟ್ಟು ಮಾಡಬೇಕು. ಮಂಗಳೂರಿನ ಅಂಗಡಿಯ ಹಳೆಯ ಬಿಲ್ಲನ್ನು ಅಕ್ಕ ಕಪಾಟಿನಿಂದ ಹುಡುಕಿ ತೆಗೆದಳು. ಮದುವೆಯ ಆಲ್ಬಮ್ಮಿನಲ್ಲಿ ಸರ ಸ್ಪಷ್ಟವಾಗಿ ಕಾಣುವ ಎರಡು ಫೋಟೊಗಳನ್ನು ಮೊಬೈಲಿಗೆ ಕಳಿಸಿದೆವು. ಕೊಕ್ಕೆಯ ಹತ್ತಿರ ಭೂತಗನ್ನಡಿ ಹಿಡಿದರೆ ಹಾಲ್‌ಮಾರ್ಕಿನ ಗುರುತು, ಪಕ್ಕದಲ್ಲಿ ಅಕ್ಷರ-ಅಂಕಿ ಸೇರಿದ ಆರು ಚಿಹ್ನೆಗಳ ಸಂಖ್ಯೆ. ಈ ಎಚ್‌ಯುಐಡಿ ಸಂಖ್ಯೆ ಇಲ್ಲದೆ 2023ರ ಏಪ್ರಿಲ್ 1ರಿಂದ ಇಲ್ಲಿನ ಅಂಗಡಿಗಳು ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಅದನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ಒಡವೆ ಎಲ್ಲಿ ನೋಂದಣಿಯಾಗಿದೆ, ಶುದ್ಧತೆ ಎಷ್ಟು ಎಂಬ ವಿವರ ಬರುತ್ತದೆ. ಅದೊಂದೇ ಸಾಕ್ಷಿಯೆಂದು ಹಠ ಹಿಡಿಯುವಂತಿಲ್ಲ, ಆದರೆ ಬಿಲ್ಲಿನ ಜೊತೆ ನಿಂತರೆ ಮಾತಿಗೆ ಬಲ ಬರುತ್ತದೆ. ಬಳಸಿ ಸವೆದ ವೈಯಕ್ತಿಕ ಒಡವೆಯನ್ನು ಹೊಸ ಒಡವೆಯ ತಕ್ಕಡಿಗೆ ಹಾಕಬಾರದು ಎಂದು ದೆಹಲಿ ಹೈಕೋರ್ಟ್ ಇತ್ತೀಚಿನ ವರ್ಷಗಳಲ್ಲಿ ಕೆಲವು ಪ್ರಕರಣಗಳಲ್ಲಿ ಹೇಳಿದೆ. ಒಳ್ಳೆಯ ತೀರ್ಪುಗಳೇ. ಆದರೆ ಮಧ್ಯರಾತ್ರಿ ಕೌಂಟರಿನಲ್ಲಿ ತೀರ್ಪು ಓದಿ ಹೇಳುವುದಕ್ಕಿಂತ ಬಿಲ್ಲು ತೋರಿಸುವುದು ಸುಲಭ.

ಒಂದು ವೇಳೆ ಏನಾದರೂ ತಡೆಹಿಡಿದರೆ ಮಾಡಬೇಕಾದದ್ದು ಎರಡು. ಪ್ರತಿ ಒಡವೆಯ ತೂಕ ಬರೆದ ರಸೀದಿ ಇಲ್ಲದೆ ಅಲ್ಲಿಂದ ಕದಲಬಾರದು. ಮತ್ತು ಸಹಿ ಹಾಕುವ ಮೊದಲು ಕಾಗದ ಪೂರ್ತಿ ಓದಬೇಕು. "ನನಗೆ ಕಾರಣ ಕೇಳಿ ನೋಟಿಸ್ ಬೇಡ" ಎಂಬ ಅಚ್ಚು ಹಾಕಿದ ಸಾಲು ಕೆಲವೊಮ್ಮೆ ಅದರಲ್ಲಿರುತ್ತದೆ. ಇಂಥ ಅಚ್ಚಿನ ಒಪ್ಪಿಗೆ ಕಾನೂನಿನ ಪ್ರಕಾರ ನಿಲ್ಲುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿತು. ಆದರೂ ಮನೆಗೆ ಹೋಗುವ ಆತುರದಲ್ಲಿ ನಿಮ್ಮ ಕೈಯಾರೆ ಅದನ್ನು ಬರೆದುಕೊಡುವ ಅಗತ್ಯವಿಲ್ಲ.

ಅವಳಿಗೆ ಅಂಥದ್ದೇನೂ ಆಗಲಿಲ್ಲ. ಸುಂಕ ಕಟ್ಟಿದ ರಸೀದಿಯನ್ನು ಬಿಲ್ಲುಗಳ ಜೊತೆಗೇ ಒಂದು ಫೈಲಿನಲ್ಲಿ ಹಾಕಿಸಿದೆ. ಮುಂದೆ ಎಂದಾದರೂ ಆ ಬಳೆ ಮಾರಿದರೆ, ಕೊಂಡ ಬೆಲೆ ತೋರಿಸಿಯೇ ಲಾಭದ ಮೇಲಿನ ತೆರಿಗೆ ಲೆಕ್ಕ ಹಾಕಬೇಕು. ಎರಡು ವರ್ಷ ಮೀರಿ ಇಟ್ಟುಕೊಂಡಿದ್ದರೆ ಆ ಲಾಭಕ್ಕೆ ಈಗಿನ ದರ ಶೇ 12.5. ಕೊಂಡ ಬೆಲೆ ತೋರಿಸಲು ಕಾಗದವೇ ಇಲ್ಲದಿದ್ದರೆ ಆ ಲೆಕ್ಕ ಶುರುವಾಗುವಲ್ಲೇ ಎಡವುತ್ತದೆ.

ರಜೆ ಮುಗಿದು ಅವಳು ಹೊರಡುವ ಹಿಂದಿನ ವಾರ ಕರಿಮಣಿ ಸರವನ್ನು ಸರ್ಕಾರಿ ಮಾನ್ಯತೆ ಪಡೆದ ಮೌಲ್ಯಮಾಪಕರ ಬಳಿಗೆ ಒಯ್ದೆವು. ತೂಕ, ಶುದ್ಧತೆ, ಫೋಟೊ ಸಹಿತ ವರದಿ ಮಾಡಿಸಿ, ಹೊರಡುವ ದಿನ ಎಂದಿಗಿಂತ ಒಂದೂವರೆ ಗಂಟೆ ಮುಂಚೆ ವಿಮಾನ ನಿಲ್ದಾಣ ಸೇರಿದೆವು. ಸರ ಬ್ಯಾಗಿನೊಳಗೆ ಹೋಗಿಬಿಟ್ಟರೆ ತೋರಿಸಲಾಗುವುದಿಲ್ಲವಲ್ಲ, ಅದಕ್ಕೇ ಕತ್ತಿನಲ್ಲೇ ಇತ್ತು. ಕಸ್ಟಮ್ಸ್ ಕೌಂಟರಿನವರು ವರದಿಗೂ ಸರಕ್ಕೂ ತಾಳೆ ನೋಡಿ ಮುದ್ರೆ ಒತ್ತಿದರು. ಅವಳು ಆ ಕಾಗದದ ಫೋಟೊ ತೆಗೆದು, ಮೂಲವನ್ನು ಪಾಸ್‌ಪೋರ್ಟಿನ ಕವರಿನೊಳಗೆ ಮಡಚಿಟ್ಟು, "ಅಡುಗೆಮನೆಯಲ್ಲಿ ಇಡುವುದಿಲ್ಲ ಮಾವ" ಎಂದು ಒಳಗೆ ಹೋದಳು.